ನೆಕ್‌ಬ್ಯಾಂಡಾ, ಇಯರ್‌ಬಡ್ಸಾ? ಬಾಕ್ಸ್ ಮೇಲಿನ ‘35 ಗಂಟೆ’ ಮತ್ತು ಕುರುಬರಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗಿನ ಲೆಕ್ಕ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಈ ಸಂಚಿಕೆಯನ್ನ ನಿಮ್ಮಲ್ಲಿ ಬಹಳಷ್ಟು ಜನ ಕಿವಿಗೆ ಏನೋ ಒಂದು ಸಿಕ್ಕಿಸಿಕೊಂಡೇ ಕೇಳ್ತಾ ಇರ್ತೀರಿ. ಇವತ್ತಿನ ವಿಷಯ ಆ ‘ಏನೋ ಒಂದು’. ಕತ್ತಿಗೆ ಹಾಕಿಕೊಳ್ಳೋ ನೆಕ್‌ಬ್ಯಾಂಡ್ ತಗೋಬೇಕಾ, ಅಥವಾ ವೈರೇ ಇಲ್ಲದ ಇಯರ್‌ಬಡ್ಸ್ ತಗೋಬೇಕಾ? ದಿನಾ ಆಫೀಸಿಗೆ ಯಾವುದು ಸರಿ, ರಾತ್ರಿ ಬಸ್ಸಿಗೆ ಯಾವುದು ಸರಿ?

ಅಂಗಡಿಯಲ್ಲಿ ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: ‘ಬ್ಯಾಟರಿ ಬೇಕಾದ್ರೆ ನೆಕ್‌ಬ್ಯಾಂಡ್, ಸ್ಟೈಲ್ ಬೇಕಾದ್ರೆ ಬಡ್ಸ್.’ ಈ ಮಾತಲ್ಲಿ ಅರ್ಧ ಸತ್ಯ ಇದೆ. ಆದರೆ ಬಾಕ್ಸ್ ನೋಡಿದರೆ ನೆಕ್‌ಬ್ಯಾಂಡ್ ಮೇಲೆ ‘30 ಗಂಟೆ’ ಅಂತಿರುತ್ತೆ, ಬಡ್ಸ್ ಮೇಲೆ ‘35 ಗಂಟೆ’ ಅಂತಿರುತ್ತೆ. ಹಾಗಾದ್ರೆ ಬಡ್ಸೇ ಜಾಸ್ತಿ ಹೊತ್ತು ಬರುತ್ತೆ ಅಂತಾಯ್ತಲ್ಲ? ಇಲ್ಲೇ ಗೊಂದಲ ಶುರುವಾಗೋದು. ಈ ಎರಡು ಸಂಖ್ಯೆಗಳು ಒಂದೇ ಥರದವಲ್ಲ. ಅದನ್ನ ಬಿಡಿಸಿಕೊಂಡರೆ ಯಾವುದು ನಿಮಗೆ ಅನ್ನೋದು ಬಹುಪಾಲು ತಾನಾಗೇ ತಿಳಿಯುತ್ತೆ.

ಒಂದು ಟ್ಯಾಂಕ್, ಎರಡು ಟ್ಯಾಂಕ್

ನೆಕ್‌ಬ್ಯಾಂಡ್ ಒಳಗೆ ಇರೋದು ಒಂದು ಬ್ಯಾಟರಿ. ಕಾಲರ್ ಪಕ್ಕ ಕೂರೋ ಆ ದಪ್ಪ ಭಾಗದಲ್ಲಿ ಜಾಗ ಇರೋದರಿಂದ 150ರಿಂದ 300 ಎಂಎಎಚ್‌ವರೆಗಿನ ಬ್ಯಾಟರಿ ಕೂರಿಸಬಹುದು. ಎರಡೂ ಕಿವಿಗೆ ಅದೇ ಕರೆಂಟ್ ಕೊಡುತ್ತೆ. 30 ಗಂಟೆ ಅಂದರೆ ಕತ್ತಿನಿಂದ ತೆಗೆಯದೆ 30 ಗಂಟೆ.

ಇಯರ್‌ಬಡ್‌ನಲ್ಲಿ ಹಾಗಲ್ಲ. ಕಿವಿಯೊಳಗೆ ಕೂರೋ ಆ ಚಿಕ್ಕ ತುಂಡಿನಲ್ಲಿ ಸ್ಪೀಕರ್, ಮೈಕ್, ಚಿಪ್ ಎಲ್ಲಾ ತುಂಬಿಸಿದ ಮೇಲೆ ಬ್ಯಾಟರಿಗೆ ಉಳಿಯೋ ಜಾಗ ಬಹಳ ಕಡಿಮೆ. ಸಾಮಾನ್ಯವಾಗಿ ಒಂದೊಂದರಲ್ಲಿ 35ರಿಂದ 60 ಎಂಎಎಚ್ ಇರುತ್ತೆ. ಉಳಿದ ಶಕ್ತಿ ಎಲ್ಲಾ ಇರೋದು ಡಬ್ಬಿಯಲ್ಲಿ, ಅಂದರೆ ಚಾರ್ಜಿಂಗ್ ಕೇಸಲ್ಲಿ. ನಮ್ಮ ಮನೆಗಳ ನೀರಿನ ವ್ಯವಸ್ಥೆ ಥರ ಯೋಚಿಸಿ. ಡಬ್ಬಿ ಕೆಳಗಿನ ಸಂಪು, ಬಡ್ ಮೇಲಿನ ಚಿಕ್ಕ ಟ್ಯಾಂಕು. ಸಂಪಲ್ಲಿ ಎಷ್ಟೇ ನೀರಿರಲಿ, ಮೇಲಿನ ಟ್ಯಾಂಕ್ ಖಾಲಿ ಆದಾಗ ಮೋಟರ್ ಹಾಕಲೇಬೇಕು. ಬಾಕ್ಸ್ ಮೇಲಿನ 35 ಗಂಟೆ ಸಂಪು, ಟ್ಯಾಂಕು ಎರಡೂ ಸೇರಿಸಿ ಹೇಳಿದ್ದು. ಒಮ್ಮೆ ಕಿವಿಗೆ ಹಾಕಿದರೆ ಬರೋದು ಅದರಲ್ಲಿ 7 ಗಂಟೆ ಮಾತ್ರ. ಉಳಿದದ್ದು ಡಬ್ಬಿಗೆ ವಾಪಸ್ ಹೋಗಿ ಹೋಗಿ ನಾಲ್ಕು ಸಲ ತುಂಬಿಸಿಕೊಂಡರೆ ಬರೋದು.

ಇನ್ನೊಂದು ವಿಷಯ. ಈ ಗಂಟೆಗಳನ್ನ ಅಳೆಯೋದು ಸಾಮಾನ್ಯವಾಗಿ ಅರ್ಧದಷ್ಟು ವಾಲ್ಯೂಮಲ್ಲಿ, ಬರೀ ಹಾಡು ಹಾಕಿ, ಗದ್ದಲ ತಗ್ಗಿಸೋ ಎಎನ್‌ಸಿ ಆಫ್ ಮಾಡಿ. ಎಎನ್‌ಸಿ ಆನ್ ಮಾಡಿದರೆ ಆ 7 ಗಂಟೆ ಸುಮಾರು 5ಕ್ಕೆ ಇಳಿಯುತ್ತೆ. ಮೀಟಿಂಗಲ್ಲಿ ಮೈಕ್ ಆನ್ ಆದರೆ 4 ಗಂಟೆ ಅಂತಿಟ್ಟುಕೊಳ್ಳಿ. ನೆಕ್‌ಬ್ಯಾಂಡಿನ 30 ಗಂಟೆಯೂ ಸ್ವಲ್ಪ ಜೋರಾಗಿ ಕೇಳಿದರೆ 22 ಗಂಟೆ, ಬರೀ ಮಾತಾಡಿದರೆ 16 ಗಂಟೆ ಅಂತಿಟ್ಟುಕೊಳ್ಳೋಣ. ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬದಲಾಗುತ್ತೆ. ಲೆಕ್ಕ ಹಾಕೋ ರೀತಿ ಮಾತ್ರ ಇದೇ.

ಒಂದು ದಿನದ ಲೆಕ್ಕ

ಈಗ ಒಬ್ಬರನ್ನ ಊಹಿಸಿಕೊಳ್ಳೋಣ. ಮನೆ ಕುರುಬರಹಳ್ಳಿಯಲ್ಲಿ. ಆಫೀಸು ವೈಟ್‌ಫೀಲ್ಡ್ ಕಡೆ, ಐಟಿಪಿಎಲ್ ಹತ್ತಿರ. ಬೆಳಿಗ್ಗೆ ಮಹಾಲಕ್ಷ್ಮಿ ಸ್ಟೇಷನ್ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಬೇಕು, ಮೆಜೆಸ್ಟಿಕ್ಕಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು, ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. 2023ರ ಅಕ್ಟೋಬರಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿ ಆದಮೇಲೆ ನಗರದ ಪಶ್ಚಿಮ ಭಾಗದಿಂದ ಹೀಗೆ ಓಡಾಡೋದು ಸಾಧ್ಯ ಆಗಿದೆ. ನಡಿಗೆ, ಕಾಯೋದು ಎಲ್ಲಾ ಸೇರಿ ಒಂದು ಕಡೆಗೆ ಒಂದೂವರೆ ಗಂಟೆ ಅಂತಿಟ್ಟುಕೊಳ್ಳಿ.

ದಿನಚರಿ ಹೀಗಿದೆ. ಬೆಳಿಗ್ಗೆ ಒಂದೂವರೆ ಗಂಟೆ ಹಾಡು ಅಥವಾ ಪಾಡ್‌ಕಾಸ್ಟ್. 10.30ಕ್ಕೆ ಅರ್ಧ ಗಂಟೆ ಟೀಮ್ ಕಾಲ್. ಮಧ್ಯಾಹ್ನ 2ರಿಂದ 4.30ರವರೆಗೆ ಒಂದರ ಹಿಂದೆ ಒಂದು ಮೀಟಿಂಗ್. ಆಮೇಲೆ ಒಂದು ಗಂಟೆ ಹಾಡು ಕೇಳ್ತಾ ಕೆಲಸ. ಸಂಜೆ ವಾಪಸ್ ಬರುವಾಗ ಮತ್ತೆ ಒಂದೂವರೆ ಗಂಟೆ. ಒಟ್ಟು 7 ಗಂಟೆ. ಅದರಲ್ಲಿ 3 ಗಂಟೆ ಮಾತು, 4 ಗಂಟೆ ಕೇಳೋದು.

ಮೊದಲು ಬಡ್ಸ್. ಎಎನ್‌ಸಿ ಆನ್ ಇದೆ, ಬೆಳಿಗ್ಗೆ ಹೊರಡುವಾಗ ನೂರಕ್ಕೆ ನೂರು ಚಾರ್ಜ್. ಆಫೀಸು ತಲುಪುವಷ್ಟರಲ್ಲಿ 30 ಶೇಕಡಾ ಖಾಲಿ. ಟೀಮ್ ಕಾಲಿಗೆ ಇನ್ನು ಹನ್ನೆರಡೂವರೆ ಹೋಯ್ತು. ಈಗ ಡಬ್ಬಿಗೆ ಹಾಕದೆ ಮೇಜಿನ ಮೇಲೆ ಇಟ್ಟು ಊಟಕ್ಕೆ ಹೋದರು ಅಂತಿಟ್ಟುಕೊಳ್ಳಿ. 2 ಗಂಟೆಗೆ ಮೀಟಿಂಗ್ ಶುರುವಾದಾಗ ಉಳಿದಿರೋದು ಐವತ್ತೇಳೂವರೆ ಶೇಕಡಾ. ಮಾತಿನ ಲೆಕ್ಕದಲ್ಲಿ ಅದು 2 ಗಂಟೆ 18 ನಿಮಿಷ. ಅಂದರೆ 4.18ಕ್ಕೆ ಬಡ್ಸ್ ಆಫ್. ಮೀಟಿಂಗ್ ಮುಗಿಯೋಕೆ ಇನ್ನೂ 12 ನಿಮಿಷ ಇದೆ.

ಅದೇ ವ್ಯಕ್ತಿ ಊಟಕ್ಕೆ ಹೋಗುವಾಗ ಬಡ್ಸನ್ನ ಡಬ್ಬಿಗೆ ಹಾಕಿದ್ದರೆ 2 ಗಂಟೆಗೆ ಮತ್ತೆ ನೂರು. 4.30ಕ್ಕೆ 37 ಉಳಿದಿರುತ್ತೆ. ತೊಂದರೆನೇ ಇಲ್ಲ. ಎರಡರ ನಡುವಿನ ವ್ಯತ್ಯಾಸ ಬ್ಯಾಟರಿಯದ್ದಲ್ಲ, ಡಬ್ಬಿಗೆ ಹಾಕೋ ಅಭ್ಯಾಸದ್ದು.

ನೆಕ್‌ಬ್ಯಾಂಡಲ್ಲಿ ಇದೇ ದಿನ ಕಳೆದರೆ 4.30ರ ಹೊತ್ತಿಗೆ ಖರ್ಚಾಗಿರೋದು ಕಾಲು ಭಾಗ ಚಾರ್ಜ್, ಅಷ್ಟೇ. ಎಲ್ಲೂ ಹಾಕಬೇಕಿಲ್ಲ, ಎಲ್ಲೂ ತೆಗೆಯಬೇಕಿಲ್ಲ.

ಈಗ ವಾರದ ಲೆಕ್ಕ ನೋಡಿ, ಇದು ಸ್ವಲ್ಪ ಆಶ್ಚರ್ಯ. ಬಡ್ಸ್ ದಿನಕ್ಕೆ ಸುಮಾರು ಒಂದೂವರೆ ಚಾರ್ಜ್ ತಿನ್ನುತ್ತೆ. ಡಬ್ಬಿ ಸೇರಿ ಒಟ್ಟು ಐದು ಚಾರ್ಜ್ ಇದೆ. ಸೋಮವಾರ ಬೆಳಿಗ್ಗೆ ಎಲ್ಲಾ ಫುಲ್ ಇದ್ದರೆ ಗುರುವಾರ ಬೆಳಿಗ್ಗೆ ಡಬ್ಬಿಯೂ ಖಾಲಿ, ಬಡ್ಸೂ ಖಾಲಿ. ನೆಕ್‌ಬ್ಯಾಂಡ್ ದಿನಕ್ಕೆ 37 ಶೇಕಡಾ ತಿಂದು ಬುಧವಾರ ಸಂಜೆ ಖಾಲಿ. ಹೆಚ್ಚೂಕಡಿಮೆ ಒಂದೇ! ಅಂದರೆ ‘ನೆಕ್‌ಬ್ಯಾಂಡ್ ಬ್ಯಾಟರಿ ಜಾಸ್ತಿ’ ಅನ್ನೋದು ವಾರದ ಲೆಕ್ಕದಲ್ಲಿ ನಿಜ ಅಲ್ಲ, ಒಂದು ಉಸಿರಿಗೆ ಎಷ್ಟು ಹೊತ್ತು ಅನ್ನೋ ಲೆಕ್ಕದಲ್ಲಿ ಮಾತ್ರ ನಿಜ. ಅದಕ್ಕೇ ಕೊಳ್ಳೋ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಒಟ್ಟು ಎಷ್ಟು ಗಂಟೆ’ ಅಲ್ಲ. ‘ನಾನು ಮಧ್ಯೆ ತೆಗೆಯದೆ ಎಷ್ಟು ಗಂಟೆ ಹಾಕಿಕೊಂಡಿರ್ತೀನಿ’ ಅನ್ನೋದು.

ಎರಡು ವರ್ಷ ಆದಮೇಲೆ

ಬಾಕ್ಸಲ್ಲಿ ಬರೆಯದ ಇನ್ನೊಂದು ಲೆಕ್ಕ ಇದೆ, ವಯಸ್ಸಿನ ಲೆಕ್ಕ. ಎರಡರಲ್ಲೂ ಇರೋದು ಲಿಥಿಯಂ ಬ್ಯಾಟರಿ. ಪೂರ್ತಿ ಖಾಲಿಯಾಗಿ ಪೂರ್ತಿ ತುಂಬಿದರೆ ಒಂದು ಸುತ್ತು. ಅರ್ಧ ಖಾಲಿಯಾಗಿ ಎರಡು ಸಲ ತುಂಬಿದರೂ ಒಂದೇ ಸುತ್ತು. ಇಂಥ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸುತ್ತು ಆದಮೇಲೆ ಹೊಸದರಲ್ಲಿ ಹಿಡಿಸ್ತಿದ್ದದ್ದರ 80 ಶೇಕಡಾ ಮಾತ್ರ ಹಿಡಿಸುತ್ತೆ, ಅಲ್ಲಿಂದ ಇನ್ನೂ ಇಳಿಯುತ್ತೆ.

ನಮ್ಮ ಕುರುಬರಹಳ್ಳಿಯವರ ಬಡ್ಸ್ ದಿನಕ್ಕೆ ಒಂದೂವರೆ ಸುತ್ತು. ವರ್ಷಕ್ಕೆ 250 ಕೆಲಸದ ದಿನ ಅಂದರೆ 390ರ ಹತ್ತಿರ. ಒಂದು ವರ್ಷ ಆಗುವಷ್ಟರಲ್ಲೇ ಬಡ್ಸಿಗೆ ವಯಸ್ಸಾಗೋಕೆ ಶುರು. ನೆಕ್‌ಬ್ಯಾಂಡ್ ದಿನಕ್ಕೆ 37 ಶೇಕಡಾ ಅಂದರೆ ವರ್ಷಕ್ಕೆ 95ರ ಆಸುಪಾಸು. ಅದೇ ಹಂತಕ್ಕೆ ಬರೋಕೆ ಮೂರು ವರ್ಷದ ಮೇಲೆ ಬೇಕು. ಹೊಸದರಲ್ಲಿ 4 ಗಂಟೆ ಮಾತಿಗೆ ಬರ್ತಿದ್ದ ಬಡ್ಸ್ ಆಮೇಲಾಮೇಲೆ 3 ಗಂಟೆಗೆ ಇಳಿದಾಗ, ಎರಡೂವರೆ ಗಂಟೆ ಮೀಟಿಂಗು ಅದಕ್ಕೆ ಕಷ್ಟ ಆಗುತ್ತೆ. ಹೊಸದರಲ್ಲಿ ಸರಿ ಇದ್ದದ್ದು ಈಗ ಯಾಕೆ ಹೀಗೆ ಅಂತ ಬೈದುಕೊಳ್ತೀವಿ. ಬಡ್ಸಲ್ಲಿ ಬ್ಯಾಟರಿ ಬದಲಾಯಿಸೋದು ಸುಲಭದ ಕೆಲಸ ಅಲ್ಲ, ಅಂಟು ಹಾಕಿ ಮುಚ್ಚಿರ್ತಾರೆ.

ಇದಕ್ಕೆ ಬಡ್ಸಲ್ಲೇ ಒಂದು ಒಳ್ಳೆ ಉಪಾಯ ಇದೆ. ಮೀಟಿಂಗಿಗೆ ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಡಬ್ಬಿಯಲ್ಲಿರಲಿ. ಮಾತಾಡೋ ಸಮಯದಲ್ಲಿ ಧ್ವನಿ ಹೇಗೂ ಎರಡೂ ಕಿವಿಗೆ ಒಂದೇ ಥರ ಬರುತ್ತೆ, ಹಾಡಿನ ಹಾಗೆ ಎಡ ಬಲ ಬೇರೆ ಬೇರೆ ಇರಲ್ಲ. ಹಾಗಾಗಿ ಒಂದು ಕಿವಿಯಲ್ಲಿ ಕೇಳಿದರೆ ಏನೂ ಕಳಕೊಳ್ಳಲ್ಲ. ಒಂದರ ಚಾರ್ಜ್ ಇಳಿದಾಗ ಇನ್ನೊಂದು ಹಾಕಿಕೊಂಡು ಮೊದಲನೆಯದನ್ನ ಡಬ್ಬಿಗೆ ಹಾಕಿ. ಡಬ್ಬಿಯಲ್ಲಿ ಚಾರ್ಜ್ ಇರೋವರೆಗೂ ಮೀಟಿಂಗ್ ನಡೀತಾನೇ ಇರಬಹುದು. ಪಕ್ಕದವರು ಕರೆದರೆ ಖಾಲಿ ಕಿವಿಗೆ ಕೇಳಿಸುತ್ತೆ. ಬ್ಯಾಟರಿ ಸುತ್ತೂ ಉಳಿಯುತ್ತೆ: ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ 390 ಇದ್ದದ್ದು 300ರ ಒಳಗೆ ಬರುತ್ತೆ. ನೆಕ್‌ಬ್ಯಾಂಡಲ್ಲಿ ಇದು ಸಾಧ್ಯ ಇಲ್ಲ, ಅದಕ್ಕೆ ಅಗತ್ಯವೂ ಇಲ್ಲ. ಕೊಳ್ಳುವಾಗ ಎಡ, ಬಲ ಎರಡೂ ಒಂಟಿಯಾಗಿ ಕೆಲಸ ಮಾಡ್ತವಾ ಅಂತ ಒಂದೊಂದಾಗಿ ಡಬ್ಬಿಯಿಂದ ತೆಗೆದು ನೋಡಿ.

‘ನಿಮ್ಮ ವಾಯ್ಸ್ ಕ್ಲಿಯರ್ ಇಲ್ಲ’

ಆಫೀಸಿನ ಬಳಕೆಯಲ್ಲಿ ಬ್ಯಾಟರಿಗಿಂತ ಹೆಚ್ಚು ಮಾನ ತೆಗೆಯೋದು ಮೈಕ್. ಇಲ್ಲಿ ಎರಡು ಪದಗಳ ಗೊಂದಲ ಬಗೆಹರಿಸಿಕೊಳ್ಳಬೇಕು. ಬಾಕ್ಸ್ ಮೇಲೆ ಎಎನ್‌ಸಿ ಅಂತ ಇದ್ದರೆ ಅದು ನಿಮ್ಮ ಕಿವಿಗೆ. ಸುತ್ತಲ ಗದ್ದಲ ನಿಮಗೆ ಕಡಿಮೆ ಕೇಳಿಸುತ್ತೆ. ಇಎನ್‌ಸಿ ಅಂತ ಇದ್ದರೆ ಅದು ಆ ಕಡೆ ಇರೋವರಿಗೆ. ನಿಮ್ಮ ಮಾತಿನ ಹಿಂದಿನ ಗದ್ದಲ ಅವರಿಗೆ ಕಡಿಮೆ ಕೇಳಿಸುತ್ತೆ. ಕಡಿಮೆ ಬೆಲೆಯ ಬಾಕ್ಸ್‌ಗಳ ಮೇಲೆ ಇಎನ್‌ಸಿ ದೊಡ್ಡದಾಗಿ ಬರೆದಿರ್ತಾರೆ. ಅದನ್ನ ಎಎನ್‌ಸಿ ಅಂದ್ಕೊಂಡು ತಂದು, ‘ಮೆಟ್ರೊ ಸದ್ದು ಹಾಗೇ ಕೇಳಿಸ್ತಿದೆಯಲ್ಲ’ ಅಂತ ಪೇಚಾಡೋರು ಬಹಳ.

ಮೈಕ್ ಎಲ್ಲಿದೆ ಅನ್ನೋದೂ ಮುಖ್ಯ. ಬಾಯಿಂದ ಮೈಕಿನ ದೂರ ಎರಡರಷ್ಟಾದರೆ ಅದಕ್ಕೆ ತಲುಪೋ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತೆ, ಸುತ್ತಲ ಗದ್ದಲ ಮಾತ್ರ ಅಷ್ಟೇ ಇರುತ್ತೆ. ಬಡ್ಸಲ್ಲಿ ಮೈಕ್ ಕಿವಿ ಹತ್ತಿರ, ಕಡ್ಡಿಯ ತುದಿಯಲ್ಲಿ ಇರುತ್ತೆ. ಜಾಗ ಬದಲಾಗಲ್ಲ, ಬಾಯಿ ಕಡೆಗೇ ನೋಡ್ತಿರುತ್ತೆ. ನೆಕ್‌ಬ್ಯಾಂಡಲ್ಲಿ ಮೈಕ್ ಸಾಮಾನ್ಯವಾಗಿ ವೈರಿನ ಮೇಲೋ ಕಾಲರ್ ಪಕ್ಕದ ತುಂಡಿನ ಮೇಲೋ ಇರುತ್ತೆ. ತಲೆ ತಿರುಗಿಸಿದರೆ ಬಾಯಿ ದೂರ ಆಗುತ್ತೆ. ಶರ್ಟಿನ ಕಾಲರ್, ದುಪಟ್ಟಾ, ಐಡಿ ಕಾರ್ಡಿನ ದಾರ ಉಜ್ಜಿದರೆ ಆ ಕಡೆಯವರಿಗೆ ‘ಸರ್ ಸರ್’ ಅಂತ ಕೇಳುತ್ತೆ. ಯಾರಾದರೂ ‘ನಿಮ್ಮ ಕಡೆ ಏನೋ ಉಜ್ಜೋ ಸದ್ದು ಬರ್ತಿದೆ’ ಅಂದರೆ ನೆಟ್‌ವರ್ಕ್ ಮೇಲೆ ತಪ್ಪು ಹಾಕೋ ಮುಂಚೆ ಮೈಕನ್ನ ಕಾಲರಿನಿಂದ ಹೊರಗೆ ಎಳೆದು ನೋಡಿ. ಹಾಗಂತ ಗಾಳಿ ಬೀಸೋ ಜಾಗದಲ್ಲಿ ಬಡ್ಸಿನ ಮೈಕೂ ಸೋಲುತ್ತೆ, ಅದರ ತೂತಿಗೆ ಗಾಳಿ ನೇರ ಬಡಿಯುತ್ತೆ.

ಪರೀಕ್ಷೆ ಮಾಡೋಕೆ ಸಹೋದ್ಯೋಗಿಗೆ ಫೋನ್ ಮಾಡಿ ‘ಕೇಳಿಸ್ತಿದೆಯಾ’ ಅನ್ನೋದು ಸಾಲದು, ಎಲ್ಲರೂ ‘ಹೂಂ, ಕೇಳಿಸ್ತಿದೆ’ ಅಂತಾನೇ ಹೇಳೋದು. ಟೀಮ್ಸ್‌ನಲ್ಲಿ ಸೆಟಿಂಗ್ಸ್ ಒಳಗೆ `Make a test call` ಅಂತ ಇದೆ. ನೀವು ಮಾತಾಡಿದ್ದನ್ನ ರೆಕಾರ್ಡ್ ಮಾಡಿ ನಿಮಗೇ ಕೇಳಿಸುತ್ತೆ. ಒಮ್ಮೆ ಸುಮ್ಮನೆ ಕೂತು, ಒಮ್ಮೆ ತಲೆ ಆ ಕಡೆ ಈ ಕಡೆ ತಿರುಗಿಸ್ತಾ, ಒಮ್ಮೆ ಫ್ಯಾನ್ ಹಾಕಿ ಮಾಡಿ. ಮೂರು ನಿಮಿಷದ ಕೆಲಸ.

ಇನ್ನೊಂದು ದೂರು ಎರಡರ ಮೇಲೂ ಬರುತ್ತೆ. ಲ್ಯಾಪ್‌ಟಾಪಲ್ಲಿ ಹಾಡು ಚೆನ್ನಾಗಿ ಕೇಳ್ತಿರುತ್ತೆ, ಮೀಟಿಂಗ್ ಶುರುವಾದ ತಕ್ಷಣ ಎಲ್ಲರ ಧ್ವನಿ ಹಳೇ ಲ್ಯಾಂಡ್‌ಲೈನ್ ಥರ ಆಗುತ್ತೆ. ಇದು ನಿಮ್ಮ ಬಡ್ಸ್ ಕೆಟ್ಟಿದ್ದಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ಎರಡು ದಾರಿ ಇದೆ. ಒಂದು ಬರೀ ಕೇಳೋಕೆ, ಅಗಲವಾದ ದಾರಿ, ಸ್ಟೀರಿಯೊ. ಇನ್ನೊಂದು ಕೇಳೋಕೂ ಮಾತಾಡೋಕೂ, ಇಕ್ಕಟ್ಟಿನ ದಾರಿ. ಮೈಕ್ ಆನ್ ಆದ ಕೂಡಲೇ ಎಲ್ಲಾ ಧ್ವನಿ ಆ ಇಕ್ಕಟ್ಟಿನ ದಾರಿಗೆ ಇಳಿಯುತ್ತೆ. ನೀವು ಹೆಚ್ಚು ಕೇಳಿ ಕಡಿಮೆ ಮಾತಾಡೋ ಮೀಟಿಂಗ್ ಆದರೆ, ಆ್ಯಪ್‌ನ ಸೆಟಿಂಗಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೇ ಆರಿಸಿ, ಸ್ಪೀಕರ್ ಅಂತ ಇಯರ್‌ಫೋನ್ ಆರಿಸಿ. ಧ್ವನಿ ಮತ್ತೆ ಚೆನ್ನಾಗುತ್ತೆ. ಆದರೆ ಗದ್ದಲದ ಆಫೀಸಲ್ಲಿ ಲ್ಯಾಪ್‌ಟಾಪ್ ಮೈಕ್ ಸುತ್ತಲಿನ ಮಾತೆಲ್ಲಾ ಹಿಡಿಯುತ್ತೆ, ಅದಕ್ಕೆ ಇದು ಮನೆಯಿಂದ ಕೆಲಸ ಮಾಡೋ ದಿನಕ್ಕೆ ಸರಿ. ಎಲ್‌ಇ ಆಡಿಯೊ ಅನ್ನೋ ಹೊಸ ವ್ಯವಸ್ಥೆ ಈ ಇಕ್ಕಟ್ಟನ್ನ ತಪ್ಪಿಸೋಕೇ ಬಂದಿದೆ. ಆದರೆ ಲ್ಯಾಪ್‌ಟಾಪು, ಇಯರ್‌ಫೋನು ಎರಡೂ ಅದನ್ನ ಬೆಂಬಲಿಸಿದರೆ ಮಾತ್ರ ಅದರ ಲಾಭ.

ಆಫೀಸಿಗಾಗಿ ಕೊಳ್ಳೋರು ಕೇಳಲೇಬೇಕಾದ ಇನ್ನೊಂದು ಸೌಲಭ್ಯ ಅಂದರೆ ಲ್ಯಾಪ್‌ಟಾಪ್ ಮತ್ತು ಫೋನ್ ಎರಡಕ್ಕೂ ಒಟ್ಟಿಗೇ ಕನೆಕ್ಟ್ ಆಗಿರೋದು. ‘ಡ್ಯುಯಲ್ ಪೇರಿಂಗ್’ ಅಂತ ಬರೆದಿರೋದನ್ನ ನಂಬಬೇಡಿ. ಕೆಲವು ಎರಡು ಸಾಧನಗಳನ್ನ ನೆನಪಿಟ್ಟುಕೊಳ್ತವೆ ಅಷ್ಟೇ, ಒಂದು ಸಲಕ್ಕೆ ಒಂದಕ್ಕೇ ಕನೆಕ್ಟ್ ಆಗೋದು. ಅಂಗಡಿಯಲ್ಲೇ ಎರಡು ಫೋನಿಗೆ ಜೋಡಿಸಿ, ಒಂದರಲ್ಲಿ ವಿಡಿಯೊ ಹಾಕಿ ನಿಲ್ಲಿಸಿ, ಇನ್ನೊಂದರಲ್ಲಿ ಹಾಕಿ. ಸೆಟಿಂಗ್ಸ್ ಮುಟ್ಟದೆ ಸದ್ದು ಬದಲಾದರೆ ಅದು ನಿಜವಾದದ್ದು.

ರಾತ್ರಿ ಬಸ್ಸಲ್ಲಿ

ಈಗ ಶುಕ್ರವಾರ ರಾತ್ರಿ. ನಮ್ಮ ಕುರುಬರಹಳ್ಳಿಯವರು ಹುಬ್ಬಳ್ಳಿ ಬಸ್ ಹತ್ತಿದ್ದಾರೆ. 400 ಕಿಲೋಮೀಟರಿಗೂ ಹೆಚ್ಚು ದೂರ, ಸುಮಾರು 8 ಗಂಟೆ. ಬಸ್ಸಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಾಕೋ ಹಾಗಿಲ್ಲ ಅಂತ ಹೈಕೋರ್ಟ್ ಸೂಚನೆ ಮೇಲೆ ಕೆಎಸ್‌ಆರ್‌ಟಿಸಿ 2021ರ ನವೆಂಬರಲ್ಲೇ ಆದೇಶ ಮಾಡಿದೆ. ಹಾಗಾಗಿ ಸಿನಿಮಾ ನೋಡೋದಾದರೆ ಇಯರ್‌ಫೋನ್ ಬೇಕೇ ಬೇಕು.

ಬಸ್ಸಿನ ಗದ್ದಲದಲ್ಲಿ ಹೆಚ್ಚಿನದು ಎಂಜಿನ್ ಮತ್ತು ಟೈರಿನ ದಪ್ಪ ಗುಂಯ್ ಸದ್ದು. ಎಎನ್‌ಸಿಗೆ ಚೆನ್ನಾಗಿ ಬರೋ ಕೆಲಸವೇ ಇದು, ಒಂದೇ ಸಮನೆ ಬರೋ ದಪ್ಪ ಸದ್ದನ್ನ ತಗ್ಗಿಸೋದು. ಹಿಂದಿನ ಸೀಟಿನವರ ಮಾತು, ಮಗುವಿನ ಅಳು ಅದಕ್ಕೆ ಅಷ್ಟಾಗಿ ಸಿಗಲ್ಲ. ಎಎನ್‌ಸಿ ಬಡ್ಸಲ್ಲಿ ಹೆಚ್ಚು, ನೆಕ್‌ಬ್ಯಾಂಡಲ್ಲಿ ಕೆಲವೇ ಮಾಡೆಲಲ್ಲಿ ಸಿಗುತ್ತೆ. ಪ್ರಯಾಣದಲ್ಲಿ ಬಡ್ಸಿನ ದೊಡ್ಡ ಗೆಲುವು ಇದೇ.

ಇದು ಬರೀ ಆರಾಮದ ವಿಷಯ ಅಲ್ಲ. ಸದ್ದು ತಡೆಯದ ಇಯರ್‌ಫೋನ್ ಹಾಕಿದರೆ ಎಂಜಿನ್ನನ್ನ ಮೀರಿಸೋಕೆ ವಾಲ್ಯೂಮ್ ಏರಿಸ್ತಾ ಹೋಗ್ತೀವಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತೆ. 83ರಲ್ಲಿ 20 ಗಂಟೆ, 86ರಲ್ಲಿ 10 ಗಂಟೆ. ನಮ್ಮವರು ವಾರದ ದಿನಗಳಲ್ಲೇ 35 ಗಂಟೆ ಕೇಳಿ ಮುಗಿಸಿದ್ದಾರೆ. ಈ ರಾತ್ರಿ ವಾಲ್ಯೂಮ್ ಏರಿಸೋಕೆ ಅವರ ಹತ್ತಿರ ಜಾಗವೇ ಇಲ್ಲ.

ಎಎನ್‌ಸಿ ಇಲ್ಲದಿದ್ದರೂ ಅರ್ಧ ಕೆಲಸ ಮಾಡೋದು ತುದಿಯ ರಬ್ಬರ್. ಬಾಕ್ಸಲ್ಲಿ ಮೂರು ಸೈಜ್ ಕೊಟ್ಟಿರ್ತಾರೆ, ಬಹಳ ಜನ ಮೊದಲೇ ಹಾಕಿರೋದನ್ನೇ ಬಳಸ್ತಾರೆ. ಹಾಡು ಹಾಕಿ, ಬಡ್ಡನ್ನ ಬೆರಳಿಂದ ಮೆಲ್ಲಗೆ ಒಳಗೆ ಒತ್ತಿ ನೋಡಿ. ಒತ್ತಿದಾಗ ಡ್ರಮ್ಮಿನ ದಪ್ಪ ಸದ್ದು ದಿಢೀರ್ ಅಂತ ಜಾಸ್ತಿ ಆದರೆ ನಿಮ್ಮ ರಬ್ಬರ್ ಸೈಜ್ ಚಿಕ್ಕದು, ಗಾಳಿ ಸೋರುತ್ತಿದೆ. ದೊಡ್ಡದು ಹಾಕಿ. ಎರಡೂ ಕಿವಿಗೆ ಒಂದೇ ಸೈಜ್ ಆಗಬೇಕು ಅಂತೇನೂ ಇಲ್ಲ.

ಈಗ ನಿದ್ದೆ. ಕೂತುಕೊಂಡು ಮಲಗೋ ಸೀಟಲ್ಲಿ, ಅದರಲ್ಲೂ ಕತ್ತಿನ ದಿಂಬು ಹಾಕಿದರೆ, ನೆಕ್‌ಬ್ಯಾಂಡಿನ ಗಟ್ಟಿ ಭಾಗ ಹಿಂದಿನಿಂದ ಒತ್ತುತ್ತೆ. ಸ್ಲೀಪರಲ್ಲಿ ಅಂಗಾತ ಮಲಗಿದರೆ ಇನ್ನೂ ಹೆಚ್ಚು. ಬಡ್ಸಲ್ಲಿ ಈ ತೊಂದರೆ ಇಲ್ಲ, ಆದರೆ ಪಕ್ಕಕ್ಕೆ ಹೊರಳಿದಾಗ ಕಿವಿಯಿಂದ ಜಾರುತ್ತೆ. ಬರ್ತಿನ ಗೋಡೆ ಪಕ್ಕದ ಸಂದಿಗೆ ಬಿದ್ದರೆ ಕತ್ತಲಲ್ಲಿ ಹುಡುಕೋದು ಕಷ್ಟ, ಚಾರ್ಜ್ ಮುಗಿದಿದ್ದರೆ ಫೋನಿಂದ ರಿಂಗ್ ಮಾಡಿಸೋಕೂ ಆಗಲ್ಲ. ನೆಕ್‌ಬ್ಯಾಂಡಲ್ಲಿ ಕಿವಿಯಿಂದ ಜಾರಿದ್ದು ಎದೆ ಮೇಲೇ ಇರುತ್ತೆ. ಅದಕ್ಕೆ ಬಡ್ಸ್ ಇರೋರು ಸಿನಿಮಾ ಮುಗಿದ ಮೇಲೆ ಡಬ್ಬಿಗೆ ಹಾಕಿ ಜಿಪ್ ಇರೋ ಜೇಬಲ್ಲಿಟ್ಟು ಮಲಗೋದು ಲೇಸು. ನಿದ್ದೆಯಲ್ಲೂ ಹಾಕಿಕೊಂಡಿರಬೇಕು ಅಂದರೂ ಎಎನ್‌ಸಿ ಆನ್ ಇದ್ದರೆ 5 ಗಂಟೆಗೆ ಆಫ್ ಆಗುತ್ತೆ, ಹುಬ್ಬಳ್ಳಿ ಇನ್ನೂ 3 ಗಂಟೆ ದೂರ ಇರುತ್ತೆ.

ಚಾರ್ಜಿಂಗಲ್ಲೂ ಒಂದು ತಿರುವು ಇದೆ. ಬಹಳಷ್ಟು ನೆಕ್‌ಬ್ಯಾಂಡ್ ಚಾರ್ಜಿಗೆ ಹಾಕಿದ ತಕ್ಷಣ ಆಫ್ ಆಗ್ತವೆ, ಚಾರ್ಜ್ ಮಾಡ್ತಾ ಕೇಳೋಕಾಗಲ್ಲ. ಆದರೆ 10 ನಿಮಿಷ ಹಾಕಿದರೆ ಹಲವು ಗಂಟೆಗೆ ಬರೋವು ಇವೆ. ಒನ್‌ಪ್ಲಸ್ ತನ್ನ ಬುಲೆಟ್ಸ್ ವೈರ್‌ಲೆಸ್ ಝಡ್2 ನೆಕ್‌ಬ್ಯಾಂಡಿಗೆ 10 ನಿಮಿಷಕ್ಕೆ 20 ಗಂಟೆ ಅಂತ ಹೇಳಿಕೊಂಡಿತ್ತು. ಅದರ ಅರ್ಧ ಬಂದರೂ ಹುಬ್ಬಳ್ಳಿ ತಲುಪಬಹುದು. ಬಡ್ಸಲ್ಲಿ ಮರೆಯೋದು ಡಬ್ಬಿಯನ್ನ. ಸೋಮವಾರದಿಂದ ಚಾರ್ಜ್ ಮಾಡದಿದ್ದರೆ ಅದು ಗುರುವಾರವೇ ಖಾಲಿ ಅಂತ ಮೇಲೆ ನೋಡಿದೆವು. ಶುಕ್ರವಾರ ರಾತ್ರಿ ಬಸ್ಸಲ್ಲಿ ಅದು ಬರೀ ಡಬ್ಬಿ.

ಕೆಡೋದು ಎಲ್ಲಿ, ಗೊತ್ತಾಗೋದು ಹೇಗೆ

ನೆಕ್‌ಬ್ಯಾಂಡ್ ಸಾಮಾನ್ಯವಾಗಿ ಕೆಡೋದು ವೈರ್ ಕಾಲರಿನ ತುಂಡಿಗೆ ಸೇರೋ ಜಾಗದಲ್ಲಿ. ಸುತ್ತಿ ಬ್ಯಾಗಿಗೆ ತುರುಕಿದಾಗೆಲ್ಲಾ ಅಲ್ಲೇ ಬಗ್ಗುತ್ತೆ. ಒಂದು ಕಿವಿ ಆಗಾಗ ಸತ್ತು ಬದುಕ್ತಿದ್ದರೆ ಆ ಜಾಗವನ್ನ ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿಸಿದಾಗ ಸದ್ದು ಬಂದು ಹೋದರೆ ಒಳಗೆ ತಂತಿ ತುಂಡಾಗ್ತಿದೆ ಅಂತ ಅರ್ಥ. ವಾರಂಟಿ ಇದ್ದರೆ ಪೂರ್ತಿ ಸಾಯೋವರೆಗೆ ಕಾಯದೆ ಆಗಲೇ ಕೊಡಿ.

ಬಡ್ಸಲ್ಲಿ ಒಂದು ಕಿವಿ ಸಣ್ಣಗೆ ಕೇಳ್ತಿದ್ದರೆ ಮೊದಲು ತುದಿಯ ಜಾಲರಿ ನೋಡಿ. ಕಿವಿಯ ಗುಗ್ಗೆ ತುಂಬಿಕೊಂಡಿರೋ ಸಾಧ್ಯತೆನೇ ಜಾಸ್ತಿ. ಒಣ ಮೃದು ಬ್ರಷ್‌ನಿಂದ, ಜಾಲರಿ ಕೆಳಮುಖ ಮಾಡಿ ಉಜ್ಜಿ. ಪಿನ್ನಿಂದ ಚುಚ್ಚಬೇಡಿ. ಬೆಳಿಗ್ಗೆ ತೆಗೆದಾಗ ಒಂದು ನೂರು, ಇನ್ನೊಂದು ಇಪ್ಪತ್ತು ತೋರಿಸ್ತಿದ್ದರೆ ಬ್ಯಾಟರಿ ಹೋಗಿಲ್ಲ, ಡಬ್ಬಿಯೊಳಗಿನ ಚಾರ್ಜಿಂಗ್ ಚುಕ್ಕೆಗಳ ಮೇಲೆ ಬೆವರಿನ ಕೊಳೆ ಕೂತಿರಬಹುದು. ಒಣ ಹತ್ತಿಯಿಂದ ಒರೆಸಿ ಒಂದು ರಾತ್ರಿ ಬಿಟ್ಟು ನೋಡಿ.

ಬಡ್ಸ್ ಕೆಡೋದಕ್ಕಿಂತ ಕಳೆಯೋದು ದೊಡ್ಡ ಭಯ. ಮೆಟ್ರೊ ಬಾಗಿಲಲ್ಲಿ ತಳ್ಳಾಟದ ಹೊತ್ತಲ್ಲಿ, ಮಾಸ್ಕ್ ಅಥವಾ ಹೆಲ್ಮೆಟ್ ತೆಗೆಯುವಾಗ ಹೆಚ್ಚಾಗಿ ಬೀಳುತ್ತೆ. ಹಳಿ ಮೇಲೆ ಬಿದ್ದರೆ ಎತ್ತೋಕೆ ಬಗ್ಗಬೇಡಿ, ಇಳಿಯಲೂ ಬೇಡಿ. ನಮ್ಮ ಮೆಟ್ರೊದ ಪಕ್ಕದ ಹಳಿಯಲ್ಲಿ 750 ವೋಲ್ಟ್ ಕರೆಂಟ್ ಇರುತ್ತೆ. ಸ್ಟೇಷನ್ ಸಿಬ್ಬಂದಿಗೆ ಹೇಳಿ. ಮೆಜೆಸ್ಟಿಕ್ಕಲ್ಲಿ ಮಾರ್ಗ ಬದಲಾಯಿಸೋ ಮುಂಚೆ ಬಡ್ಸನ್ನ ಡಬ್ಬಿಗೆ ಹಾಕಿಬಿಟ್ಟರೆ ಈ ಪ್ರಸಂಗವೂ ಬರಲ್ಲ, ಚಾರ್ಜೂ ಆಗುತ್ತೆ.

ಹಾಗಾದ್ರೆ ಯಾವುದು?

ಒಂದೇ ಕೊಳ್ಳೋಕೆ ಆಗೋದಾದರೆ ಹೀಗೆ ಮಾಡಿ. ನಿಮ್ಮ ಮಾಮೂಲಿ ಒಂದು ದಿನ ತಗೊಂಡು, ಮಧ್ಯೆ ತೆಗೆಯದೆ ಹಾಕಿಕೊಂಡಿರೋ ಅತಿ ಉದ್ದದ ಹೊತ್ತು ಎಷ್ಟು ಅಂತ ಬರೆದುಕೊಳ್ಳಿ. ಅದು ಬಡ್ಸಿನ ಮಾತಿನ ಸಮಯದ ಅರ್ಧಕ್ಕಿಂತ ಕಡಿಮೆ ಇದ್ದರೆ, ಅಂದರೆ ಸುಮಾರು 2 ಗಂಟೆ ಒಳಗಿದ್ದರೆ, ಎರಡು ವರ್ಷ ಹಳೆಯದಾದ ಬಡ್ಸೂ ಅದನ್ನ ತಡೆದುಕೊಳ್ಳುತ್ತೆ. ಮೆಟ್ರೊ, ಬಸ್ ಗದ್ದಲಕ್ಕೆ ಎಎನ್‌ಸಿ, ಮೀಟಿಂಗಿಗೆ ಒಳ್ಳೆ ಜಾಗದಲ್ಲಿರೋ ಮೈಕ್ ಎರಡೂ ಸಿಗುತ್ತೆ. ಬಡ್ಸ್ ತಗೊಳ್ಳಿ.

ಆ ಹೊತ್ತು 3 ಗಂಟೆ ದಾಟಿದರೆ, ಕಸ್ಟಮರ್ ಕಾಲ್ ಕೆಲಸ, ದಿನವಿಡೀ ಟ್ರೈನಿಂಗ್, ಡೆಲಿವರಿ ಮಧ್ಯೆ ಫೋನ್ ಬರ್ತಾನೇ ಇರೋ ಕೆಲಸ, ಇಂಥವು ಆದರೆ, ನೆಕ್‌ಬ್ಯಾಂಡ್ ತಗೊಳ್ಳಿ. ಅದೇ ಬೆಲೆಗೆ ಹೆಚ್ಚು ವರ್ಷ ಬರುತ್ತೆ. ಡಬ್ಬಿ ಎಲ್ಲಿಟ್ಟೆ ಅಂತ ಹುಡುಕೋ ಸ್ವಭಾವದವರಿಗೂ ಇದೇ ಸರಿ.

ನಮ್ಮ ಕುರುಬರಹಳ್ಳಿಯವರು ನಡುವೆ ಇದ್ದಾರೆ, ಎರಡೂವರೆ ಗಂಟೆ. ಮೀಟಿಂಗಿಗೆ ಒಂದೇ ಕಿವಿ, ಊಟದ ಹೊತ್ತಿಗೆ ಡಬ್ಬಿ, ಬುಧವಾರ ರಾತ್ರಿ ಡಬ್ಬಿಗೆ ಚಾರ್ಜ್, ಈ ಮೂರು ಪಾಲಿಸೋರಾದರೆ ಅವರಿಗೆ ಬಡ್ಸೇ ಸರಿ. ಇಲ್ಲ ಅಂದರೆ ಅವರ ಬಡ್ಸ್ ದಿನಾ 4.18ಕ್ಕೇ ಸಾಯುತ್ತೆ.

ನಿಮ್ಮ ಅತಿ ಉದ್ದದ ಹೊತ್ತು ಎಷ್ಟು ಬಂತು? ಕಾಮೆಂಟಲ್ಲಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.